ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಎರಡನೆಯ ಅರ್ಥಿಂಗ್: ಪತ್ತೆ ಹಚ್ಚುವ ಮತ್ತು ನಿಭಾಯಿಸುವ ಕ್ರಮ

ಪವರ್ ಟ್ರಾನ್ಸ್‌ಫಾರ್ಮರಿನ ಕೋರ್‌ಗೆ ಒಂದೇ ಕಡೆ ಅರ್ಥಿಂಗ್ ಕೊಡಬೇಕು ಎಂಬುದು ನಿರ್ವಹಣೆಯಲ್ಲಿ ತೊಡಗಿರುವ ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಎಣ್ಣೆಯ ಪರೀಕ್ಷಾ ವರದಿಯಲ್ಲಿ ಎಥಿಲೀನ್ ಏರುತ್ತಿರುವುದು ಕಂಡಾಗ, ಅದಕ್ಕೆ ಕೋರ್‌ನ ಎರಡನೆಯ ಅರ್ಥ್ ಬಿಂದುವೇ ಕಾರಣವೇ ಅಲ್ಲವೇ ಎಂದು ತೀರ್ಮಾನಿಸುವುದು ಅಷ್ಟು ಸುಲಭವಲ್ಲ. ಅನುಮಾನ ಹುಟ್ಟಿದ ಕ್ಷಣದಿಂದ ಟ್ಯಾಂಕ್ ತೆರೆಯುವ ನಿರ್ಧಾರದವರೆಗೆ ಯಾವ ಅಳತೆಯನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು, ಪ್ರತಿಯೊಂದು ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಟ್ರಾನ್ಸ್‌ಫಾರ್ಮರ್ 50 ಎಂವಿಎ ಸಾಮರ್ಥ್ಯದ, 132/33 ಕೆವಿಯ, ಮೂರು ಲಿಂಬ್‌ಗಳ ಘಟಕ. ಅದರ ಅಂಕಿಗಳನ್ನು ಲೆಕ್ಕ ತೋರಿಸುವುದಕ್ಕಾಗಿ ಕಟ್ಟಿಕೊಳ್ಳಲಾಗಿದೆ. ಆದರೆ ಆ ಗಾತ್ರದ ಘಟಕಕ್ಕೆ ಅವು ಸಹಜವಾಗಿ ಹೊಂದುವಂಥವೇ.

ಒಂದು ಬಿಂದು ಏಕೆ ಬೇಕು, ಒಂದೇ ಏಕೆ ಸಾಕು

ಕೋರ್ ವೈಂಡಿಂಗ್‌ಗಳ ನಡುವೆ ನಿಂತಿರುವ ದೊಡ್ಡ ಲೋಹದ ರಾಶಿ. ವೈಂಡಿಂಗ್‌ಗೂ ಕೋರ್‌ಗೂ ನಡುವೆ, ಕೋರ್‌ಗೂ ಟ್ಯಾಂಕ್‌ಗೂ ನಡುವೆ ಕೆಪಾಸಿಟೆನ್ಸ್ ಇದ್ದೇ ಇರುತ್ತದೆ. ಕೋರ್‌ಗೆ ಅರ್ಥಿಂಗ್ ಇಲ್ಲದಿದ್ದರೆ ಈ ಎರಡು ಕೆಪಾಸಿಟೆನ್ಸ್‌ಗಳು ವೋಲ್ಟೇಜನ್ನು ಹಂಚಿಕೊಂಡು, ಕೋರ್ ನೆಲದಿಂದ ಬಹಳ ಮೇಲಿನ ಒಂದು ವೋಲ್ಟೇಜಿಗೆ ತೇಲುತ್ತದೆ. ಆಗ ಕೋರ್‌ನ ಅಂಚಿನಿಂದ ಹತ್ತಿರದ ಫ್ರೇಮ್‌ಗೋ ಟ್ಯಾಂಕ್‌ಗೋ ಸಣ್ಣ ಸಣ್ಣ ಕಿಡಿಗಳು ಹಾರುತ್ತವೆ, ಎಣ್ಣೆಯಲ್ಲಿ ಹೈಡ್ರೋಜನ್ ಏರತೊಡಗುತ್ತದೆ, ಕೆಲವೊಮ್ಮೆ ಟ್ಯಾಂಕಿನ ಪಕ್ಕ ನಿಂತವರಿಗೆ ಚಟಪಟ ಶಬ್ದವೂ ಕೇಳಿಸುತ್ತದೆ. ಕೋರ್ ಅನ್ನು ಒಂದು ಕಡೆ ನೆಲಕ್ಕೆ ಕಟ್ಟಿದರೆ ಈ ತೊಂದರೆ ತಪ್ಪುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕೋರ್‌ನ ಪ್ರತಿಯೊಂದು ಹಾಳೆಗೂ ಇನ್ಸುಲೇಷನ್ ಲೇಪ ಇರುವಾಗ, ಮೇಲಿನ ಯೋಕ್‌ನ ಒಂದು ಕಡೆ ಎರಡು ಹಾಳೆಗಳ ನಡುವೆ ತೂರಿಸಿದ ಒಂದು ತಾಮ್ರದ ಪಟ್ಟಿ ಇಡೀ ಕೋರ್ ಅನ್ನು ಹೇಗೆ ನೆಲಕ್ಕೆ ಕಟ್ಟುತ್ತದೆ? ಉತ್ತರ ಆ ಲೇಪದ ಸ್ವಭಾವದಲ್ಲಿದೆ. ಅದು ಕೆಲವೇ ಮೈಕ್ರಾನ್ ದಪ್ಪದ ತೆಳು ಪೊರೆ. ಅದರ ರೋಧ ದೊಡ್ಡದೇನಲ್ಲ. ಹಾಳೆಗಳ ವಿಸ್ತಾರವೋ ಬಹಳ ದೊಡ್ಡದು. ಅಷ್ಟು ವಿಸ್ತಾರದ ಮೇಲೆ ಹರಡಿದಾಗ ಎರಡು ಹಾಳೆಗಳ ನಡುವಿನ ಒಟ್ಟು ರೋಧ ಅತ್ಯಲ್ಪವಾಗಿ, ಸಾವಿರಾರು ಹಾಳೆಗಳ ಇಡೀ ಅಡುಕಿನ ರೋಧವೂ ಕೆಲವು ಓಮ್‌ಗಳಷ್ಟೇ ಆಗಿರಬಹುದು. ಕೆಪಾಸಿಟೆನ್ಸ್ ಮೂಲಕ ಬರುವ ಮಿಲಿಆಂಪಿಯರ್ ಲೆಕ್ಕದ ಪ್ರವಾಹಕ್ಕೆ ಅಷ್ಟು ರೋಧ ತಡೆಯೇ ಅಲ್ಲ. ಹಾಗಾಗಿ ಒಂದು ಹಾಳೆಯನ್ನು ನೆಲಕ್ಕೆ ಕಟ್ಟಿದರೆ ಉಳಿದವೂ ನೆಲದ ವೋಲ್ಟೇಜಿಗೆ ಬಂದು ಕೂರುತ್ತವೆ. ದೊಡ್ಡ ಕೋರ್‌ಗಳಲ್ಲಿ ಎಣ್ಣೆ ಹರಿಯಲು ಬಿಟ್ಟ ತಂಪುಗಾಲುವೆಗಳು ಅಡುಕನ್ನು ಬೇರೆ ಬೇರೆ ಕಟ್ಟುಗಳಾಗಿ ವಿಂಗಡಿಸುತ್ತವೆ. ಅಲ್ಲಿ ಮಾತ್ರ ಒಂದು ಕಟ್ಟಿನಿಂದ ಇನ್ನೊಂದಕ್ಕೆ ಒಂದೊಂದೇ ಜೋಡುಪಟ್ಟಿ ಹಾಕಬೇಕಾಗುತ್ತದೆ.

ಇಷ್ಟು ದುರ್ಬಲವಾದ ಲೇಪ ಎಡ್ಡಿ ಪ್ರವಾಹವನ್ನು ಹೇಗೆ ತಡೆಯುತ್ತದೆ ಎಂದರೆ, ಅದು ತಡೆಯಬೇಕಾದ ವೋಲ್ಟೇಜ್ ಬಹಳ ಚಿಕ್ಕದು. ನಮ್ಮ ಉದಾಹರಣೆಯಲ್ಲಿ ಒಂದು ಸುತ್ತಿಗೆ ಹುಟ್ಟುವ ವೋಲ್ಟೇಜ್ 100 ವೋಲ್ಟ್, ಹಾಳೆಗಳು ಸುಮಾರು 2000. ಒಂದು ಹಾಳೆಯ ಪಾಲಿಗೆ ಬರುವುದು ವೋಲ್ಟಿನ ಇಪ್ಪತ್ತರಲ್ಲಿ ಒಂದು ಭಾಗ. ಲೇಪ ಅದಕ್ಕೆ ಸಾಕು. ಆದರೆ ಆ 2000 ಹಾಳೆಗಳ ಎರಡು ಕೊನೆಗಳನ್ನು ಹೊರಗಿನಿಂದ ಲೋಹದ ದಾರಿಯಲ್ಲಿ ಜೋಡಿಸಿಬಿಟ್ಟರೆ, ಹಾಳೆ ಹಾಳೆಗೆ ಹಂಚಿಹೋಗಿದ್ದ ವೋಲ್ಟೇಜೆಲ್ಲ ಒಟ್ಟುಗೂಡಿ ಆ ದಾರಿಯ ಮೇಲೆ ಬೀಳುತ್ತದೆ. ಎರಡನೆಯ ಅರ್ಥ್ ಬಿಂದು ಮಾಡುವುದು ಇದನ್ನೇ.

ಎರಡನೆಯ ಬಿಂದು ಬಂದಾಗ ಏನಾಗುತ್ತದೆ

ಒಂದು ಸುತ್ತಿನ ವೋಲ್ಟೇಜಿನ ಸೂತ್ರ ಎಲ್ಲರಿಗೂ ಪರಿಚಿತ:

```
E = 4.44 × f × B × A
  = 4.44 × 50 × 1.7 × 0.265
  ≈ 100 V
```

ಇಲ್ಲಿ ಆವರ್ತನ 50 ಹರ್ಟ್ಜ್, ಫ್ಲಕ್ಸ್ ಸಾಂದ್ರತೆ 1.7 ಟೆಸ್ಲಾ, ಕೋರ್‌ನ ಅಡ್ಡ ವಿಸ್ತೀರ್ಣ 0.265 ಚದರ ಮೀಟರ್. ಕೋರ್ ಅನ್ನು ಪೂರ್ತಿ ಸುತ್ತುವರಿದ ಯಾವುದೇ ಲೋಹದ ದಾರಿಯಲ್ಲಿ, ಅದು ವೈಂಡಿಂಗ್ ಆಗಿರಲಿ, ನಾವು ಬಯಸದೆ ಆದ ಮುಚ್ಚಿದ ಹಾದಿಯಾಗಿರಲಿ, ಇಷ್ಟೇ ವೋಲ್ಟೇಜ್ ಹುಟ್ಟುತ್ತದೆ.

ನಿಯಮದಂತೆ ಕೊಟ್ಟ ಅರ್ಥಿಂಗ್ ಪಟ್ಟಿ ಮೇಲಿನ ಯೋಕ್‌ನ ಮುಂಭಾಗದಲ್ಲಿದೆ ಎಂದುಕೊಳ್ಳೋಣ. ಕೆಳಗಿನ ಯೋಕ್‌ನ ಹಿಂಭಾಗದಲ್ಲಿ ಒಂದು ಲೋಹದ ಚೂರು ಕೋರ್‌ನ ಅಂಚನ್ನೂ ಫ್ರೇಮನ್ನೂ ಮುಟ್ಟಿದರೆ ಒಂದು ಮುಚ್ಚಿದ ಹಾದಿ ಸಿದ್ಧವಾಗುತ್ತದೆ. ಪ್ರವಾಹ ಪಟ್ಟಿಯಿಂದ ಕೋರ್‌ನೊಳಗೆ ಇಳಿದು, ಅಡುಕನ್ನು ದಾಟಿ, ಚೂರಿನ ಮೂಲಕ ಫ್ರೇಮ್‌ಗೂ ಟ್ಯಾಂಕ್‌ಗೂ ಬಂದು, ಅರ್ಥಿಂಗ್ ತಂತಿಯ ಮೂಲಕ ಮತ್ತೆ ಪಟ್ಟಿಗೆ ಸೇರುತ್ತದೆ. ಈ ಹಾದಿಯೊಳಗೆ ಮುಖ್ಯ ಫ್ಲಕ್ಸಿನ ಎಷ್ಟು ಪಾಲು ಸಿಕ್ಕಿಕೊಂಡಿದೆಯೋ ಅಷ್ಟು ಪಾಲು ವೋಲ್ಟೇಜ್ ಅದರಲ್ಲಿ ಹುಟ್ಟುತ್ತದೆ. ಎರಡೂ ಬಿಂದುಗಳು ಕೋರ್‌ನ ಒಂದೇ ಮುಖದಲ್ಲಿ ಅಕ್ಕಪಕ್ಕ ಇದ್ದರೆ ಸಿಕ್ಕಿಕೊಳ್ಳುವ ಫ್ಲಕ್ಸ್ ನಗಣ್ಯ, ಪ್ರವಾಹವೂ ಅಲ್ಪ. ಎದುರು ಬದುರು ಮುಖಗಳಲ್ಲಿದ್ದರೆ ಅರ್ಧ ಸುತ್ತಿನ ವೋಲ್ಟೇಜಿನವರೆಗೂ ಹೋಗಬಹುದು, ಪ್ರವಾಹ ಹತ್ತಾರು ಆಂಪಿಯರ್ ಮುಟ್ಟಬಹುದು. ಎರಡು ಬಿಂದುಗಳ ಅರ್ಥಿಂಗ್ ಇದ್ದರೂ ವರ್ಷಗಟ್ಟಲೆ ಏನೂ ಆಗದ ಘಟಕಗಳೂ, ಕೆಲವೇ ವಾರಗಳಲ್ಲಿ ಬುಕೋಲ್ಜ್ ರಿಲೇಗೆ ಅನಿಲ ತುಂಬಿಸಿದ ಘಟಕಗಳೂ ಇರುವುದು ಈ ಕಾರಣಕ್ಕೆ. ಹಾಗಾಗಿ ‘ಕೋರ್ ಫ್ರೇಮ್‌ಗೆ ತಗುಲಿದೆ’ ಎಂಬ ಒಂದೇ ಸಂಗತಿಯಿಂದ ಅಪಾಯ ಎಷ್ಟೆಂದು ಹೇಳಲಾಗದು. ಪ್ರವಾಹ ಎಷ್ಟು ಎಂಬುದನ್ನು ಅಳೆದೇ ತಿಳಿಯಬೇಕು.

ಪ್ರವಾಹ ಎಲ್ಲಿ ಕಿರಿದಾದ ಜಾಗದಲ್ಲಿ ಹರಿಯುತ್ತದೋ ಅಲ್ಲಿ ಬಿಸಿ ಹುಟ್ಟುತ್ತದೆ. ತಾಮ್ರದ ಪಟ್ಟಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಲೋಹದ ಚೂರು ಕೋರ್‌ನ ಅಂಚನ್ನು ಮುಟ್ಟುವ, ಸೂಜಿಮೊನೆಯಷ್ಟು ಸಣ್ಣ ಜಾಗ ಕಾದು, ಸುತ್ತಲಿನ ಎಣ್ಣೆಯನ್ನು ಒಡೆಯುತ್ತದೆ. ಕಾಗದದ ಇನ್ಸುಲೇಷನ್ ಹತ್ತಿರ ಇಲ್ಲದಿರುವುದರಿಂದ ಹುಟ್ಟುವುದು ಎಣ್ಣೆಯ ಅನಿಲಗಳಷ್ಟೇ: ಮಿಥೇನ್, ಈಥೇನ್, ಎಲ್ಲಕ್ಕಿಂತ ಹೆಚ್ಚಾಗಿ ಎಥಿಲೀನ್.

ಮೊದಲ ಹಂತ: ಚಾಲನೆಯಲ್ಲಿರುವಾಗಲೇ ಅರ್ಥಿಂಗ್ ಪ್ರವಾಹ ಅಳೆಯುವುದು

ಈಗಿನ ಬಹುತೇಕ ದೊಡ್ಡ ಘಟಕಗಳಲ್ಲಿ ಕೋರ್‌ನ ಮತ್ತು ಫ್ರೇಮ್‌ನ ಅರ್ಥಿಂಗ್ ತಂತಿಗಳನ್ನು ಸಣ್ಣ ಬುಶಿಂಗ್‌ಗಳ ಮೂಲಕ ಹೊರಗೆ ತಂದು, ಟ್ಯಾಂಕಿನ ಮೇಲಿನ ಒಂದು ಪೆಟ್ಟಿಗೆಯಲ್ಲಿ ಲಿಂಕ್‌ಗಳಿಂದ ನೆಲಕ್ಕೆ ಜೋಡಿಸಿರುತ್ತಾರೆ. ಕೆಲವು ಘಟಕಗಳಲ್ಲಿ ಅಲ್ಲಿಂದ ತಾಮ್ರದ ಪಟ್ಟಿಯನ್ನು ಟ್ಯಾಂಕಿನ ಗೋಡೆಗುಂಟ ಕೈಗೆ ಎಟುಕುವ ಎತ್ತರದವರೆಗೆ ಇಳಿಸಿರುತ್ತಾರೆ. ಅಂಥ ಪಟ್ಟಿ ಇದ್ದರೆ ಮಾತ್ರ ಚಾಲನೆಯಲ್ಲಿ ಅಳತೆ ಸಾಧ್ಯ. ಪೆಟ್ಟಿಗೆ ಟ್ಯಾಂಕಿನ ಮುಚ್ಚಳದ ಮೇಲೆ, ಜೀವಂತ ಬುಶಿಂಗ್‌ಗಳ ಸನಿಹದಲ್ಲಿದ್ದರೆ ಅಲ್ಲಿಗೆ ಹತ್ತುವ ಯೋಚನೆಯನ್ನೇ ಮಾಡಬಾರದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಟ್ರಾನ್ಸ್‌ಫಾರ್ಮರ್ ಚಾಲೂ ಇರುವಾಗ ಕೋರ್‌ನ ಅರ್ಥಿಂಗ್ ಲಿಂಕನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಬಿಚ್ಚಿದರೆ ಕೋರ್ ತೇಲಿ, ಬಿಚ್ಚಿದವರ ಕೈಯಲ್ಲಿರುವ ತುದಿಗೆ ಅಪಾಯಕಾರಿ ವೋಲ್ಟೇಜ್ ಬರುತ್ತದೆ. ಆಂಪಿಯರ್ ಮೀಟರನ್ನು ಸರಣಿಯಲ್ಲಿ ಸೇರಿಸಲು ‘ಒಂದು ಕ್ಷಣ’ ಬಿಚ್ಚುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪಟ್ಟಿಯನ್ನು ಬಳಸಿ ಹಿಡಿಯುವ ಕ್ಲ್ಯಾಂಪ್ ಮೀಟರ್ ಒಂದೇ ಸರಿಯಾದ ಸಾಧನ, ಅದೂ ಮಿಲಿಆಂಪಿಯರ್ ತೋರಿಸುವ ಲೀಕೇಜ್ ಮಾದರಿಯದು.

ಟ್ಯಾಂಕಿನ ಹತ್ತಿರ ಚೆದುರು ಫ್ಲಕ್ಸ್ ಧಾರಾಳವಾಗಿರುತ್ತದೆ. ಅದು ಮೀಟರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಆದ್ದರಿಂದ ಮೊದಲು ಮೀಟರಿನ ದವಡೆಯನ್ನು ಮುಚ್ಚಿ, ಪಟ್ಟಿಯನ್ನು ಒಳಗೆ ಸೇರಿಸದೆ, ಅದರ ಪಕ್ಕದಲ್ಲೇ ಅದೇ ಕೋನದಲ್ಲಿ ಹಿಡಿದು ಓದಬೇಕು. ಆಗಲೂ ಗಣನೀಯ ಪ್ರವಾಹ ತೋರಿದರೆ, ಪಟ್ಟಿಯ ಕೆಳಭಾಗಕ್ಕೆ, ಟ್ಯಾಂಕಿನಿಂದ ಆದಷ್ಟು ದೂರಕ್ಕೆ ಸರಿದು ಮತ್ತೆ ನೋಡಬೇಕು. ಸುಳ್ಳು ಓದು ನಿಜವಾದ ಓದಿಗಿಂತ ಬಹಳ ಕಡಿಮೆ ಇರುವ ಜಾಗ ಸಿಕ್ಕ ಮೇಲೆಯೇ ಪಟ್ಟಿಯನ್ನು ಬಳಸಿ ಅಳೆಯಬೇಕು. ಎರಡು ಓದುಗಳನ್ನು ಸುಮ್ಮನೆ ಕಳೆದುಬಿಡುವುದು ಸರಿಯಲ್ಲ, ಏಕೆಂದರೆ ಅವುಗಳ ಫೇಸ್ ಬೇರೆ ಬೇರೆ ಇರಬಹುದು. ಕೋರ್‌ನ ತಂತಿಯನ್ನೂ ಫ್ರೇಮ್‌ನ ತಂತಿಯನ್ನೂ ಬೇರೆ ಬೇರೆಯಾಗಿ ಅಳೆದು ಬರೆದುಕೊಳ್ಳಬೇಕು. ಎರಡರಲ್ಲೂ ಸರಿಸುಮಾರು ಒಂದೇ ಪ್ರಮಾಣದ ದೊಡ್ಡ ಪ್ರವಾಹ ಕಂಡರೆ, ಕೋರ್ ಮತ್ತು ಫ್ರೇಮ್ ಒಳಗೆ ಪರಸ್ಪರ ತಗುಲಿವೆ ಎಂದು ಊಹಿಸಬಹುದು. ಕೋರ್‌ನ ತಂತಿಯಲ್ಲಿ ಮಾತ್ರ ಕಂಡರೆ ತಗುಲಿರುವುದು ಬಹುಶಃ ಟ್ಯಾಂಕಿಗೆ.

ಸಹಜವಾದ ಓದು ಎಷ್ಟಿರಬೇಕು? ಒಳಗಿನ 33 ಕೆವಿ ವೈಂಡಿಂಗ್‌ಗೂ ಲಿಂಬ್‌ಗೂ ನಡುವೆ 10 ನ್ಯಾನೊಫ್ಯಾರಡ್ ಕೆಪಾಸಿಟೆನ್ಸ್ ಇದೆ ಎಂದಿಟ್ಟುಕೊಂಡರೆ, ಇಡೀ ವೈಂಡಿಂಗ್ 19 ಕೆವಿ ಫೇಸ್ ವೋಲ್ಟೇಜಿನಲ್ಲಿದೆ ಎಂದು ಭಾವಿಸಿದರೂ, ಒಂದು ಲಿಂಬಿನ ಪಾಲು 60 ಮಿಲಿಆಂಪಿಯರ್ ದಾಟುವುದಿಲ್ಲ. ಮೂರು ಫೇಸ್‌ಗಳ ಪ್ರವಾಹಗಳು ಬಹುಮಟ್ಟಿಗೆ ಒಂದನ್ನೊಂದು ರದ್ದು ಮಾಡಿಕೊಳ್ಳುವುದರಿಂದ ಪಟ್ಟಿಯಲ್ಲಿ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ. 100 ಮಿಲಿಆಂಪಿಯರ್ ಮೀರಿದರೆ ವಿಚಾರಿಸಬೇಕು ಎಂಬ, ವ್ಯಾಪಕವಾಗಿ ಬಳಕೆಯಲ್ಲಿರುವ ಮಿತಿಗೆ ಈ ಲೆಕ್ಕ ಹೊಂದುತ್ತದೆ. ಸಿಂಗಲ್ ಫೇಸ್ ಘಟಕಗಳಲ್ಲಿ ಈ ರದ್ದತಿ ಇಲ್ಲದ ಕಾರಣ ಅವುಗಳ ಸಹಜ ಓದು ಹೆಚ್ಚೇ ಇರುತ್ತದೆ. ಅಲ್ಲಿ ಘಟಕ ಹೊಸದಿದ್ದಾಗಿನ ಓದೇ ನಿಜವಾದ ಅಳತೆಗೋಲು. ಅನುಮಾನಕ್ಕೆ ಎಡೆಯಿಲ್ಲದ ದೋಷಗಳಲ್ಲಿ ಓದು ಆಂಪಿಯರ್‌ಗಳಲ್ಲೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಕೋರ್ ತಂತಿಯಲ್ಲಿ 12 ಆಂಪಿಯರ್, ಫ್ರೇಮ್ ತಂತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕಂಡಿತು ಎಂದಿಟ್ಟುಕೊಳ್ಳೋಣ.

ಓದು ಸಂಪೂರ್ಣ ಸೊನ್ನೆಯಾಗಿದ್ದರೆ ಸಮಾಧಾನಪಡುವಂತಿಲ್ಲ. ಸಹಜ ಪ್ರವಾಹವೂ ಕಾಣದಿದ್ದರೆ ಒಳಗಿನ ಪಟ್ಟಿ ಸುಟ್ಟು ಕಡಿದಿರಬಹುದು, ಅಥವಾ ಕೋರ್ ಬೇರೊಂದು ದಾರಿಯಲ್ಲಿ ನೆಲ ಸೇರಿರಬಹುದು. ಇನ್ನೊಂದು ಸಾಧ್ಯತೆಯನ್ನು ನಾನು ಕಂಡಂತೆ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಬಯಸದ ಸಂಪರ್ಕಗಳು ಎರಡಾಗಿ, ಅವೆರಡರ ನಡುವೆಯೇ ಪ್ರವಾಹ ಒಳಗೊಳಗೇ ಸುತ್ತುತ್ತಿದ್ದರೆ ಹೊರಗಿನ ಪಟ್ಟಿಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಹಾಳೆಗಳ ಅಂಚಿನ ಮುಳ್ಳುಗಳಿಂದ ಹತ್ತಾರು ಹಾಳೆಗಳು ಪರಸ್ಪರ ಬೆಸೆದುಕೊಂಡ ದೋಷವೂ ಹೀಗೆಯೇ ಮೀಟರಿಗೆ ಕಾಣದು. ಕ್ಲ್ಯಾಂಪ್ ಮೀಟರ್ ದೋಷವನ್ನು ಸಾಬೀತುಪಡಿಸಬಲ್ಲದು, ದೋಷ ಇಲ್ಲವೆಂದು ಸಾಬೀತುಪಡಿಸಲಾರದು.

ಎರಡನೆಯ ಹಂತ: ಅನಿಲಗಳ ವರದಿಯನ್ನು ಹೊಂದಿಸಿ ನೋಡುವುದು

ಉದಾಹರಣೆಯ ಘಟಕದ ಎಣ್ಣೆಯಲ್ಲಿ ಕರಗಿದ ಅನಿಲಗಳು ಪಿಪಿಎಂ ಲೆಕ್ಕದಲ್ಲಿ ಹೀಗಿವೆ: ಹೈಡ್ರೋಜನ್ 60, ಮಿಥೇನ್ 180, ಈಥೇನ್ 70, ಎಥಿಲೀನ್ 310, ಅಸಿಟಿಲೀನ್ 2, ಕಾರ್ಬನ್ ಮಾನಾಕ್ಸೈಡ್ 350, ಕಾರ್ಬನ್ ಡೈಆಕ್ಸೈಡ್ 2800. ಐಇಸಿ 60599ರ ಅನುಪಾತಗಳನ್ನು ಹಾಕಿದರೆ:

```
C2H2/C2H4 = 2/310  ≈ 0.006
CH4/H2    = 180/60 = 3.0
C2H4/C2H6 = 310/70 ≈ 4.4
```

ಮೊದಲನೆಯದು 0.2ಕ್ಕಿಂತ ಕಡಿಮೆ, ಎರಡನೆಯದು 1ಕ್ಕಿಂತ ಹೆಚ್ಚು, ಮೂರನೆಯದು 4ಕ್ಕಿಂತ ಹೆಚ್ಚು. ಇದು 700 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ದೋಷದ ಗುರುತು. ಮೂರನೆಯ ಅನುಪಾತ 1 ಮತ್ತು 4ರ ನಡುವೆ ಇದ್ದಿದ್ದರೆ 300ರಿಂದ 700 ಡಿಗ್ರಿಯ ದೋಷ ಎನ್ನುತ್ತಿದ್ದೆವು. ಕಾರ್ಬನ್ ಡೈಆಕ್ಸೈಡ್ ಮಾನಾಕ್ಸೈಡಿನ 8 ಪಟ್ಟು ಇದೆ, ಮಾನಾಕ್ಸೈಡ್ ಹಿಂದಿನ ವರದಿಗಳಿಗಿಂತ ಏರಿಯೂ ಇಲ್ಲ ಎಂದಾದರೆ ಕಾಗದ ಸುಡುತ್ತಿಲ್ಲ, ಬರಿಯ ಲೋಹ ಕಾಯುತ್ತಿದೆ ಎಂದರ್ಥ.

ಇಲ್ಲಿಯವರೆಗಿನ ಚಿತ್ರ ಕೋರ್‌ಗೆ ಹೊಂದುತ್ತದೆ ನಿಜ, ಆದರೆ ಟ್ಯಾಪ್ ಚೇಂಜರಿನ ಸವೆದ ಸಂಪರ್ಕಕ್ಕೂ ಬುಶಿಂಗ್ ತಳದ ಸಡಿಲ ಜೋಡಣೆಗೂ ಅಷ್ಟೇ ಹೊಂದುತ್ತದೆ. ಅನಿಲಗಳ ಅನುಪಾತ ತಾಪಮಾನವನ್ನು ಹೇಳುತ್ತದೆಯೇ ಹೊರತು ಜಾಗವನ್ನಲ್ಲ. ಇವುಗಳನ್ನು ಬೇರ್ಪಡಿಸುವ ಸರಳ ಉಪಾಯವೆಂದರೆ ಅನಿಲ ಏರುವ ವೇಗವನ್ನು ಲೋಡಿನ ಜೊತೆ ಹೋಲಿಸುವುದು. ಸುತ್ತುವ ಪ್ರವಾಹವನ್ನು ಹುಟ್ಟಿಸುವುದು ಮುಖ್ಯ ಫ್ಲಕ್ಸ್, ಅದು ನಿಂತಿರುವುದು ವೋಲ್ಟೇಜಿನ ಮೇಲೆ. ಲೋಡ್ ಅರ್ಧಕ್ಕಿಳಿದರೂ ಅದು ಇಳಿಯುವುದಿಲ್ಲ. ಸಂಪರ್ಕದ ದೋಷವಾದರೋ ಲೋಡ್ ಅರ್ಧವಾದರೆ ಬಿಸಿ ಕಾಲುಭಾಗಕ್ಕೆ ಕುಸಿಯುತ್ತದೆ. ಆದುದರಿಂದ ಲೋಡ್ ಹೆಚ್ಚಿದ್ದ ಎರಡು ವಾರ, ಕಡಿಮೆ ಇದ್ದ ಎರಡು ವಾರ ಒಂದೇ ಬಗೆಯಲ್ಲಿ ಮಾದರಿ ತೆಗೆದು, ದಿನಕ್ಕೆ ಎಷ್ಟು ಎಥಿಲೀನ್ ಏರಿತೆಂದು ನೋಡಬೇಕು. ಎರಡೂ ಅವಧಿಯಲ್ಲಿ ವೇಗ ಒಂದೇ ಇದ್ದರೆ ಅನುಮಾನ ಕೋರ್‌ನ ಕಡೆ ಗಟ್ಟಿಯಾಗಿ ವಾಲುತ್ತದೆ. ಸಾಧ್ಯವಿದ್ದರೆ ಲೋಡ್ ಪೂರ್ತಿ ತೆಗೆದು, ವೋಲ್ಟೇಜ್ ಮಾತ್ರ ಉಳಿಸಿ ಕೆಲವು ದಿನ ನಡೆಸುವುದು ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ.

ಅಸಿಟಿಲೀನ್ ಮತ್ತು ಹೈಡ್ರೋಜನ್ ಒಮ್ಮೊಮ್ಮೆ ಜಿಗಿದು ಮತ್ತೆ ಸುಮ್ಮನಾಗುತ್ತಿದ್ದರೆ, ಚೂರು ಗಟ್ಟಿಯಾಗಿ ಕೂತಿಲ್ಲ, ಕೋರ್‌ನ ಕಂಪನಕ್ಕೆ ಸಂಪರ್ಕ ಕಡಿದು ಕೂಡಿ ಕಿಡಿ ಹಾರುತ್ತಿದೆ ಎಂದು ಭಾವಿಸಬಹುದು. ಅಂಥ ಘಟಕದಲ್ಲಿ ಅರ್ಥಿಂಗ್ ಪ್ರವಾಹವೂ ಏರಿಳಿಯುತ್ತಿರುತ್ತದೆ. ಒಂದೇ ಸಲ ಅಳೆದು ಹಿಂತಿರುಗಿದರೆ ದೋಷ ತಪ್ಪಿಹೋಗುತ್ತದೆ.

ಮೂರನೆಯ ಹಂತ: ನಿಲ್ಲಿಸಿ ಮೆಗ್ಗರ್ ಹಾಕುವುದು

ಘಟಕವನ್ನು ಎಲ್ಲ ಕಡೆಯಿಂದ ಬೇರ್ಪಡಿಸಿ, ವೈಂಡಿಂಗ್ ಬುಶಿಂಗ್‌ಗಳನ್ನೆಲ್ಲ ಜೋಡಿಸಿ ನೆಲಕ್ಕೆ ಕಟ್ಟಿದ ಮೇಲೆಯೇ ಅರ್ಥಿಂಗ್ ಪೆಟ್ಟಿಗೆಯನ್ನು ತೆರೆಯಬೇಕು. ಸಣ್ಣ ಬುಶಿಂಗ್‌ಗಳ ಮೇಲಿನ ಧೂಳು ಮತ್ತು ತೇವವನ್ನು ಒಣಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಕಂಡ ‘ಕೋರ್ ದೋಷ’ಗಳಲ್ಲಿ ಕೆಲವು ಈ ಒರೆಸುವಿಕೆಯಲ್ಲೇ ಮಾಯವಾಗುತ್ತವೆ. ನಂತರ ಲಿಂಕ್‌ಗಳನ್ನು ತೆಗೆದು, 1000 ವೋಲ್ಟ್ ಡಿಸಿ ಮೆಗ್ಗರಿನಿಂದ ಕೋರ್ ಮತ್ತು ಫ್ರೇಮ್, ಕೋರ್ ಮತ್ತು ಟ್ಯಾಂಕ್, ಫ್ರೇಮ್ ಮತ್ತು ಟ್ಯಾಂಕ್ ಎಂಬ ಮೂರು ಜೋಡಿಗಳನ್ನು ಒಂದೊಂದು ನಿಮಿಷ ಅಳೆಯಬೇಕು. ತಯಾರಕರ ಪುಸ್ತಕದಲ್ಲಿ ಇದಕ್ಕಿಂತ ಕಡಿಮೆ ವೋಲ್ಟೇಜ್ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಪ್ರತಿ ಅಳತೆಯ ನಂತರ ಡಿಸ್ಚಾರ್ಜ್ ಮಾಡುವುದನ್ನು ಮರೆಯಬಾರದು.

ಸೇವೆಯಲ್ಲಿ ಹಳೆಯದಾದ ಘಟಕದಲ್ಲಿ 100 ಮೆಗಾಓಮ್‌ಗಿಂತ ಹೆಚ್ಚು ಬಂದರೆ ಚಿಂತೆಯಿಲ್ಲ. 10ರಿಂದ 100ರ ನಡುವೆ ಬಂದರೆ ಇನ್ಸುಲೇಷನ್ ಸೊರಗುತ್ತಿದೆ. 10ಕ್ಕಿಂತ ಕೆಳಗಿಳಿದರೆ ಕಾರಣ ಹುಡುಕಲೇಬೇಕು. ಮೆಗ್ಗರ್ ಸೊನ್ನೆ ತೋರಿದರೆ ಅಷ್ಟಕ್ಕೇ ನಿಲ್ಲದೆ ಸಾಮಾನ್ಯ ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು, ಏಕೆಂದರೆ ಮೆಗ್ಗರಿನ ಸೊನ್ನೆಯೊಳಗೆ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಕೆಲವೇ ಓಮ್ ಬಂದರೆ ಅದು ಲೋಹಕ್ಕೆ ಲೋಹ ತಗುಲಿದ ಸಂಪರ್ಕ. ಕಿಲೋಓಮ್‌ಗಳಲ್ಲಿ ಬಂದರೆ ನೆನೆದ ಪ್ರೆಸ್‌ಬೋರ್ಡ್, ತಳದಲ್ಲಿ ಕೂತ ಕೆಸರು ಅಥವಾ ಇಂಗಾಲದ ಪುಡಿ ಕಾರಣವಾಗಿರುವ ಸಂಭವ ಹೆಚ್ಚು. ಎರಡನೆಯದರಲ್ಲಿ ಪ್ರವಾಹ ಮಿಲಿಆಂಪಿಯರ್‌ಗಳನ್ನು ದಾಟುವುದಿಲ್ಲ, ಎಣ್ಣೆಯ ಶುದ್ಧೀಕರಣ ಮತ್ತು ಒಣಗಿಸುವಿಕೆಯಿಂದಲೇ ಅದು ಸರಿಹೋಗಬಹುದು. ನಮ್ಮ ಉದಾಹರಣೆಯಲ್ಲಿ ಕೋರ್ ಮತ್ತು ಫ್ರೇಮ್ ನಡುವೆ ಸುಮಾರು 2 ಓಮ್, ಫ್ರೇಮ್ ಮತ್ತು ಟ್ಯಾಂಕ್ ನಡುವೆ 400 ಮೆಗಾಓಮ್. ತಗುಲಿರುವುದು ಫ್ರೇಮ್‌ಗೆ ಎಂಬ ಮೊದಲ ಹಂತದ ಊಹೆ ಇಲ್ಲಿ ಖಚಿತವಾಯಿತು.

ಅರ್ಥಿಂಗ್ ತಂತಿ ಹೊರಗೆ ಬಾರದ ಹಳೆಯ ಘಟಕಗಳಲ್ಲಿ ಪಟ್ಟಿಯನ್ನು ತಲುಪಲು ಎಣ್ಣೆ ಇಳಿಸಿ ಮುಚ್ಚಳದ ಕಿಂಡಿಯನ್ನು ತೆಗೆಯಬೇಕಾಗುತ್ತದೆ. ಅಂಥಲ್ಲಿ ಅನಿಲದ ವೇಗ ಮತ್ತು ಲೋಡಿನ ಹೋಲಿಕೆಯನ್ನು ಪೂರ್ತಿ ಮುಗಿಸಿದ ಮೇಲೆಯೇ ಆ ಕೆಲಸಕ್ಕೆ ಕೈ ಹಾಕುವುದು ಒಳ್ಳೆಯದು.

ನಾಲ್ಕನೆಯ ಹಂತ: ರೆಸಿಸ್ಟರ್ ಹಾಕಿ ಕಾಲಾವಕಾಶ ಪಡೆಯುವುದು

ಟ್ಯಾಂಕ್ ತೆರೆಯುವುದೆಂದರೆ ದೀರ್ಘ ಕಾಲ ಘಟಕ ನಿಲ್ಲಿಸುವುದು. ಅಲ್ಲಿಯವರೆಗೆ ಪ್ರವಾಹವನ್ನು ತಗ್ಗಿಸಲು ಕೋರ್‌ನ ಅರ್ಥಿಂಗ್ ತಂತಿಯಲ್ಲಿ ಸರಣಿಯಾಗಿ ಒಂದು ರೆಸಿಸ್ಟರ್ ಸೇರಿಸುವುದು ರೂಢಿಯಲ್ಲಿದೆ. ಅದನ್ನು ಘಟಕ ನಿಂತಿರುವಾಗಲೇ, ಲಿಂಕ್ ತೆಗೆದ ಜಾಗದಲ್ಲಿ ಜೋಡಿಸಬೇಕು. ಉದಾಹರಣೆಯಲ್ಲಿ 250 ಓಮ್ ಸೇರಿಸಿ ಚಾಲೂ ಮಾಡಿದಾಗ ಪ್ರವಾಹ 12 ಆಂಪಿಯರ್‌ನಿಂದ 0.09 ಆಂಪಿಯರ್‌ಗೆ ಇಳಿಯಿತು ಎಂದುಕೊಳ್ಳೋಣ. ಈ ಎರಡು ಓದುಗಳಿಂದ ಒಳಗಿನ ಹಾದಿಯ ರೋಧ ಮತ್ತು ವೋಲ್ಟೇಜ್ ಎರಡನ್ನೂ ಅಂದಾಜು ಮಾಡಬಹುದು:

```
r = (0.09 × 250) / (12 − 0.09) ≈ 1.89 Ω
E = 12 × 1.89 ≈ 22.7 V
P = 12 × 12 × 1.89 ≈ 272 W
```

ಮಲ್ಟಿಮೀಟರ್ ತೋರಿದ 2 ಓಮ್‌ಗೆ 1.89 ಓಮ್ ಹೊಂದುತ್ತದೆ. ಒಂದು ಸುತ್ತಿನ 100 ವೋಲ್ಟ್‌ನಲ್ಲಿ 22.7 ಎಂದರೆ ಹಾದಿಯೊಳಗೆ ಸಿಕ್ಕಿರುವುದು ಫ್ಲಕ್ಸಿನ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ. ಎರಡು ಬಿಂದುಗಳು ಅಕ್ಕಪಕ್ಕ ಇಲ್ಲ ಎಂಬ ಸುಳಿವು ಇದರಿಂದ ಸಿಗುತ್ತದೆ. ಹಾದಿಯ ಇಂಡಕ್ಟೆನ್ಸನ್ನು ಇಲ್ಲಿ ಬಿಟ್ಟಿರುವುದರಿಂದ ಇದು ಅಂದಾಜು ಮಾತ್ರ. 272 ವ್ಯಾಟ್‌ನ ಹೆಚ್ಚಿನ ಪಾಲು ಅಡುಕಿನಲ್ಲಿ ಹರಡಿಹೋದರೂ, ಉಳಿದದ್ದು ಒಂದು ಚೂರಿನ ತುದಿಯಲ್ಲಿ ಸೇರಿದರೆ ಅನಿಲದ ವರದಿ ಹೇಳಿದ ತಾಪಮಾನಕ್ಕೆ ಅದೇ ಸಾಕು. ಘಟಕದ ಒಟ್ಟು ನಷ್ಟದ ಮುಂದೆ ಈ ವ್ಯಾಟ್‌ಗಳು ಏನೂ ಅಲ್ಲದ ಕಾರಣ ಎಣ್ಣೆಯ ತಾಪಮಾಪಕದಲ್ಲಾಗಲಿ ನೋ-ಲೋಡ್ ನಷ್ಟದ ಅಳತೆಯಲ್ಲಾಗಲಿ ಇದರ ಗುರುತು ಸಿಗುವುದಿಲ್ಲ.

ರೆಸಿಸ್ಟರಿನ ಬೆಲೆಗೆ ಎರಡು ಕಡೆಯ ಮಿತಿ ಇದೆ. ಪ್ರವಾಹ 100 ಮಿಲಿಆಂಪಿಯರ್‌ಗಿಂತ ಕೆಳಗಿಳಿಯುವಷ್ಟು ಅದು ದೊಡ್ಡದಿರಬೇಕು, ಕೋರ್ ನೆಲದ ಹತ್ತಿರವೇ ಉಳಿಯುವಷ್ಟು ಚಿಕ್ಕದಿರಬೇಕು. ಸಹಜ ಕೆಪಾಸಿಟೆನ್ಸ್ ಪ್ರವಾಹ 60 ಮಿಲಿಆಂಪಿಯರ್ ಎಂದರೂ 250 ಓಮ್‌ನಲ್ಲಿ ಅದು 15 ವೋಲ್ಟ್ ಮಾತ್ರ, ಅದು ನಿರಪಾಯ. ಸಂಪರ್ಕದ ಜಾಗ ಬದಲಾಗಿ ಪೂರ್ತಿ 100 ವೋಲ್ಟ್ ಬಂದರೂ ತಾಳುವಂತೆ 40 ವ್ಯಾಟ್ ಬೇಕು. ಸಿಡಿಲು ಮತ್ತು ಸ್ವಿಚಿಂಗ್ ಸಮಯದ ಕ್ಷಣಿಕ ಪ್ರವಾಹಗಳೂ ಇದೇ ದಾರಿಯಲ್ಲಿ ಹರಿಯುವುದರಿಂದ, 100 ವ್ಯಾಟ್‌ಗಿಂತ ಮೇಲಿನ ತಂತಿ ಸುತ್ತಿದ ರೆಸಿಸ್ಟರನ್ನು ಮಳೆ ತಾಗದ ಪೆಟ್ಟಿಗೆಯಲ್ಲಿ ಇಡುವುದು ನನ್ನ ಆಯ್ಕೆ. ಅದು ಕಡಿದುಹೋದರೆ, ಒಳಗಿನ ಚೂರೂ ಸಂಪರ್ಕ ಬಿಟ್ಟ ಕ್ಷಣದಲ್ಲಿ ಕೋರ್ ತೇಲುತ್ತದೆ. ಆದ್ದರಿಂದ ಪ್ರವಾಹದ ಓದನ್ನು ನಿಯಮಿತವಾಗಿ ತೆಗೆಯುತ್ತಿರಬೇಕು.

ರೆಸಿಸ್ಟರ್ ಹಾಕಿದ ಮೇಲೆಯೂ ಅನಿಲ ಅದೇ ವೇಗದಲ್ಲಿ ಏರುತ್ತಿದ್ದರೆ ಅರ್ಥ ಸ್ಪಷ್ಟ: ಬಿಸಿ ಹುಟ್ಟಿಸುತ್ತಿರುವ ಹಾದಿ ಹೊರಗಿನ ತಂತಿಯ ಮೂಲಕ ಹೋಗುತ್ತಿಲ್ಲ. ಆಗ ರೆಸಿಸ್ಟರನ್ನು ನೆಚ್ಚಿ ಕೂರದೆ ಟ್ಯಾಂಕನ್ನು ಗೊತ್ತುಮಾಡಿದ ದಿನಕ್ಕಿಂತ ಬೇಗನೆ ತೆರೆಯಬೇಕು.

ಕೊನೆಯ ಹಂತ: ಜಾಗ ಹುಡುಕುವುದು

ತೆರೆಯುವ ಮೊದಲು ಘಟಕದ ಚರಿತ್ರೆ ನೋಡಬೇಕು. ಸಾಗಣೆಯ ನಂತರವೇ ದೋಷ ಕಂಡಿದ್ದರೆ, ಸಾಗಣೆಗಾಗಿ ಹಾಕಿದ ತಡೆಗೂಟಗಳನ್ನು ತೆಗೆಯದೆ ಅಥವಾ ತಿರುಗಿಸಿ ಇಡದೆ ಬಿಟ್ಟಿರುವುದು, ಇಲ್ಲವೇ ಕೋರ್ ಜರುಗಿ ಕೆಳಗಿನ ಇನ್ಸುಲೇಷನ್ ಹಲಗೆ ಪಕ್ಕಕ್ಕೆ ಸರಿದಿರುವುದು ಮೊದಲ ಅನುಮಾನ. ವರ್ಷಗಳ ನಂತರ ಕಂಡಿದ್ದರೆ ತಳದಲ್ಲಿ ಸೇರಿದ ಪಂಪಿನ ಲೋಹದ ಪುಡಿ, ಹಳೆಯ ವಿನ್ಯಾಸಗಳಲ್ಲಿ ಕೋರ್ ಬೋಲ್ಟಿನ ಇನ್ಸುಲೇಷನ್ ಕೊಳವೆ, ಅಥವಾ ಉದ್ದ ಹೆಚ್ಚಾಗಿ ಜೋತುಬಿದ್ದು ಯೋಕ್‌ನ ಅಂಚನ್ನು ಇನ್ನೊಂದು ಕಡೆ ಮುಟ್ಟಿದ ಅರ್ಥಿಂಗ್ ಪಟ್ಟಿಯೇ ಕಾರಣವಾಗಿರಬಹುದು.

ಕಣ್ಣಿಗೆ ಕಾಣದಿದ್ದರೆ ಡಿಸಿ ವಿಧಾನ ಅನುಕೂಲ. ಅರ್ಥಿಂಗ್ ಲಿಂಕ್ ತೆಗೆದಿಟ್ಟು, ಯೋಕ್‌ನ ಎರಡು ಕೊನೆಯ ಮುಖಗಳ ನಡುವೆ 6 ವೋಲ್ಟ್‌ನ ಬ್ಯಾಟರಿ ಜೋಡಿಸಿದರೆ ಅಡುಕಿನುದ್ದಕ್ಕೂ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮಿಲಿವೋಲ್ಟ್ ಮೀಟರಿನ ಒಂದು ತುದಿಯನ್ನು ಫ್ರೇಮ್‌ಗೆ ಹಿಡಿದು, ಇನ್ನೊಂದನ್ನು ಹಾಳೆಗಳ ಅಂಚಿನ ಮೇಲೆ ಒಂದು ಮುಖದಿಂದ ಇನ್ನೊಂದರ ಕಡೆಗೆ ಸರಿಸುತ್ತ ಹೋದರೆ, ಓದು ಧನದಿಂದ ಋಣಕ್ಕೆ ತಿರುಗುವ ಜಾಗದಲ್ಲಿ ಸೊನ್ನೆ ಬರುತ್ತದೆ. ಆ ಸೊನ್ನೆ ಬಂದ ಹಾಳೆಯೇ ಫ್ರೇಮ್‌ಗೆ ತಗುಲಿದ ಹಾಳೆ. ಅಡುಕಿನ ಯಾವ ಆಳದಲ್ಲಿ ಸಂಪರ್ಕ ಇದೆಯೆಂದು ಇದರಿಂದ ತಿಳಿಯುತ್ತದೆ; ಆ ಹಾಳೆಯ ಉದ್ದದಲ್ಲಿ ಎಲ್ಲಿ ಎಂಬುದನ್ನು ದೀಪ ಹಿಡಿದೇ ಹುಡುಕಬೇಕು.

ಚಾರ್ಜ್ ಮಾಡಿದ ಕೆಪಾಸಿಟರನ್ನು ಕೋರ್ ಮತ್ತು ಫ್ರೇಮ್ ನಡುವೆ ಸಿಡಿಸಿ, ತೆಳು ಮುಳ್ಳನ್ನು ಸುಟ್ಟುಹಾಕುವ ವಿಧಾನವೂ ಇದೆ. 50 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 1000 ವೋಲ್ಟ್‌ಗೆ ತುಂಬಿಸಿದರೆ ಸಿಗುವ 25 ಜೂಲ್ ಶಕ್ತಿ ಕೂದಲೆಳೆಯ ಮುಳ್ಳಿಗೆ ಸಾಕು, ಬೋಲ್ಟಿನ ಗಾತ್ರದ ಚೂರಿಗೆ ಏನನ್ನೂ ಮಾಡದು. ತಯಾರಕರ ಒಪ್ಪಿಗೆಯಿಲ್ಲದೆ ಇದನ್ನು ಮಾಡಬಾರದು, ವೈಂಡಿಂಗ್‌ಗಳು ಜೋಡಿಸಿ ನೆಲಕ್ಕೆ ಕಟ್ಟಿದಂತೆಯೇ ಇರಬೇಕು. ಮೆಗಾಓಮ್ ಮರಳಿ ಬಂದರೂ ಚೂರಿನ ಉಳಿದ ಭಾಗ ಅಲ್ಲೇ ಬಿದ್ದಿರುತ್ತದೆ ಎಂಬ ನೆನಪಿರಬೇಕು. ವೆಲ್ಡಿಂಗ್ ಯಂತ್ರದಿಂದ ಪ್ರವಾಹ ಹರಿಸಿ ಸುಡುವ ಪ್ರಯತ್ನವಂತೂ ಬೇಡ. ನೂರಾರು ಆಂಪಿಯರ್ ಒಂದು ಕ್ಷಣದಲ್ಲಿ ನಿಲ್ಲದೆ ಹರಿಯುತ್ತಲೇ ಇದ್ದು ಹಾಳೆಗಳ ಅಂಚನ್ನೇ ಬೆಸೆದುಬಿಡುತ್ತದೆ, ಆ ದೋಷಕ್ಕೆ ಕೋರ್ ಬಿಚ್ಚುವುದೊಂದೇ ಪರಿಹಾರವಾದೀತು.

ಕಾರಣ ಸಿಕ್ಕಿ ಸರಿಪಡಿಸಿದ ನಂತರ ಎಣ್ಣೆ ತುಂಬುವ ಮೊದಲು ಒಮ್ಮೆ, ತುಂಬಿದ ಮೇಲೆ ಮತ್ತೊಮ್ಮೆ ಮೂರು ಜೋಡಿಗಳ ಮೆಗ್ಗರ್ ಓದು ತೆಗೆಯಬೇಕು. ಪರೀಕ್ಷೆಗಾಗಿ ತೆಗೆದ ಲಿಂಕ್‌ಗಳನ್ನು ಮರಳಿ ಹಾಕಿದ್ದೇವೆಯೇ, ರೆಸಿಸ್ಟರನ್ನು ತೆಗೆದಿದ್ದೇವೆಯೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡುವುದು ಅಗತ್ಯ. ಚಾಲೂ ಮಾಡಿದ ದಿನವೇ ಅರ್ಥಿಂಗ್ ಪ್ರವಾಹ ಅಳೆದು ಹೊಸ ಆಧಾರ ಓದೆಂದು ದಾಖಲಿಸಬೇಕು. ಎಣ್ಣೆಯಿಂದ ಅನಿಲ ತೆಗೆದಿದ್ದರೂ ಕಾಗದದಲ್ಲಿ ನೆನೆದು ಕೂತ ಹಳೆಯ ಅನಿಲ ನಿಧಾನವಾಗಿ ಎಣ್ಣೆಗೆ ಮರಳುವುದರಿಂದ, ಮೊದಲ ಕೆಲವು ವಾರಗಳಲ್ಲಿ ಎಥಿಲೀನ್ ತುಸು ಏರಿದಂತೆ ಕಾಣುತ್ತದೆ. ಆ ಏರಿಕೆ ಬರಬರುತ್ತ ನಿಧಾನವಾಗಿ ಒಂದು ಮಟ್ಟದಲ್ಲಿ ನಿಂತರೆ ಅದು ಹಳೆಯ ಅನಿಲ. ಒಂದೇ ವೇಗದಲ್ಲಿ ಮುಂದುವರಿದರೆ ಇನ್ನೊಂದು ಬಿಂದು ಒಳಗೆ ಉಳಿದಿದೆ.